ಚುಕ್ಕೆಯ ಆಚೆ ಈಚೆ

ಎರಡು ಪುಟದ ಒಂದು ಪ್ರಿಂಟ್ ತೆಗೆಸಲು ಹೋದವನು ಎರಡು ತಾಸು ಕೂತೆ. ಜೂನ್ ತಿಂಗಳ ನಡುಮಧ್ಯಾಹ್ನ ಗಡಹಿಂಗ್ಲಜದ ನೆಟ್ ಕೆಫೆಗೆ ಹೋದರೆ ಹೀಗೇ. ಶಾಲೆ, ಕಾಲೇಜಿನ ಪ್ರವೇಶ ಶುರುವಾಗಿರುತ್ತದೆ. ಜಾತಿ ದಾಖಲೆ, ಆದಾಯದ ದಾಖಲೆ ಬೇಕಾದ ಹುಡುಗರು ಬಾಗಿಲವರೆಗೂ ನಿಂತಿರುತ್ತಾರೆ. ಅದೇ ಹೊತ್ತಿಗೆ ಮುಂಗಾರಿನ ಮೊದಲ ಮಳೆ ಬಿದ್ದು, ಹೊಲಕ್ಕೆ ದುಡ್ಡು ಬೇಕಾದ ರೈತರೂ ಬರುತ್ತಾರೆ. ಅಂಗಡಿಯಲ್ಲಿ ಇದ್ದದ್ದು ಮೂರು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಒಬ್ಬ ಮಾಲೀಕ. ಮೂವತ್ತರ ಆಸುಪಾಸಿನ ಹುಡುಗ. ಹುಡುಗರ ಜೊತೆ ಮರಾಠಿ, ಪರದೆಯ ಜೊತೆ ಇಂಗ್ಲಿಷು, ಹಳ್ಳಿಯಿಂದ ಬಂದ ಹಿರಿಯರ ಜೊತೆ ಕನ್ನಡ, ಮೂರನ್ನೂ ಒಂದೇ ಉಸಿರಿನಲ್ಲಿ ನಡೆಸುತ್ತಿದ್ದ.

ಹಿರಣ್ಯಕೇಶಿಯ ದಂಡೆಯ ಈ ತಾಲ್ಲೂಕಿನಲ್ಲಿ ನೂಲ, ಹಲಕರ್ಣಿ, ಬಸರಗೆ ಕಡೆ ಮನೆಮಾತು ಕನ್ನಡವಾಗಿರುವ ಮನೆಗಳು ಬಹಳ. ಸಂಕೇಶ್ವರ ಅರ್ಧ ತಾಸಿನ ದಾರಿ. ಹೆಣ್ಣು ಕೊಡುವುದು ತರುವುದು ಅತ್ತಿತ್ತ ನಡೆದೇ ಇದೆ. 1967ರ ಮಹಾಜನ ವರದಿಯಲ್ಲಿ ಈ ತಾಲ್ಲೂಕಿನ ಕೆಲವು ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸುವ ಮಾತಿತ್ತು. ವರದಿ ವರದಿಯಾಗಿಯೇ ಉಳಿಯಿತು. ಜನ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಬದುಕು ಹೊಂದಿಸಿಕೊಂಡರು. ಆ ಹೊಂದಾಣಿಕೆ ಸುಮಾರಾಗಿ ನಡೆದುಕೊಂಡು ಹೋಗುತ್ತದೆ. ಸಾಲದ ಅರ್ಜಿ ತುಂಬುವಾಗ ಮಾತ್ರ ಅದರ ಹೊಲಿಗೆ ಕಾಣುತ್ತದೆ.

ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದವರು ಅರವತ್ತು ದಾಟಿದ ರೈತರು. ಬಿಳಿ ಟೋಪಿ, ತೊಡೆಯ ಮೇಲೆ ಗೊಬ್ಬರದಂಗಡಿಯ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ನಾಲ್ಕಾಗಿ ಮಡಚಿದ ಒಂದು ಅರ್ಜಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಒಂದೇ ಪುಟದ ಅರ್ಜಿ ಅದು. ಪಿಎಂ ಕಿಸಾನ್ ಹಣ ಪಡೆಯುವ ಎಲ್ಲ ರೈತರಿಗೂ ಕಾರ್ಡು ಕೊಡಬೇಕೆಂದು 2020ರ ಫೆಬ್ರವರಿಯಲ್ಲಿ ನಡೆದ ಅಭಿಯಾನದಲ್ಲಿ ಹೊರಟದ್ದು. ಒಂದೇ ಪುಟ ಎಂದು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಆ ಪುಟದಲ್ಲಿ ಏನು ಬರೆಯಬೇಕು ಎನ್ನುವುದಕ್ಕೆ ಬೇರೆ ಐದಾರು ಪುಟ ಓದಬೇಕಾಗುತ್ತದೆ.

"ಎಷ್ಟ ಬೇಕ್ರಿ ಕಾಕಾ ಕರ್ಜ?"

"ಎರಡ ಲಾಖ ಬರಿ ತಮ್ಮಾ."

"ಹೊಲಾ ಎಷ್ಟ ಐತ್ರಿ?"

"ಹೊಲದ್ದ ಮಾತ ಯಾಕ? ಎರಡ ಲಾಖದ ತನಕಾ ಜಾಮೀನ ಬ್ಯಾಡಂತ ಪೇಪರನ್ಯಾಗ ಬಂದಿತ್ತಲ್ಲ."

ಹುಡುಗ ಕೀಲಿಮಣೆಯಿಂದ ಕೈ ತೆಗೆದು ಅವರ ಕಡೆ ತಿರುಗಿ ಕೂತ. ಹಿಂದಿನಿಂದ ಯಾರೋ "ದಾದಾ, ಮಾಝ ಝಾಲಂ ಕಾ?" ಎಂದು ಕೇಳುತ್ತಿದ್ದರೂ ಅವಸರ ಮಾಡಲಿಲ್ಲ.

ಪೇಪರಿನಲ್ಲಿ ಬಂದದ್ದು ಸುಳ್ಳಲ್ಲ. ಅಡವಿಲ್ಲದೆ ಕೊಡಬಹುದಾದ ಕೃಷಿ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕು 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿತು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಆದರೆ ಅದರ ಅರ್ಥ, 2 ಲಕ್ಷದೊಳಗಿನ ಸಾಲಕ್ಕೆ ಬ್ಯಾಂಕು ಹೊಲವನ್ನು ಅಡವು ಬರೆಸಿಕೊಳ್ಳಬಾರದು ಎಂದಷ್ಟೆ. ಎಲ್ಲರಿಗೂ 2 ಲಕ್ಷ ಸಿಗುತ್ತದೆ ಎಂದಲ್ಲ. ಎಷ್ಟು ಸಿಗುತ್ತದೆ ಎನ್ನುವುದನ್ನು ಹೇಳುವುದು ಹೊಲ ಮತ್ತು ಬೆಳೆ. ಯಾವ ಬೆಳೆಗೆ ಇಂತಿಷ್ಟು ಜಮೀನಿಗೆ ಎಷ್ಟು ಸಾಲ ಎಂಬ ದರವನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಪ್ರತಿವರ್ಷ ನಿಗದಿ ಮಾಡುತ್ತದೆ. ಕಬ್ಬಿಗೆ ಒಂದು ದರ, ಸೋಯಾಬೀನಿಗೆ ಒಂದು, ಹೊಸ ನಾಟಿಯ ಕಬ್ಬಿಗೆ ಒಂದಾದರೆ ಖೋಡವಾ ಕಬ್ಬಿಗೆ ಮತ್ತೊಂದು. ಆ ದರವನ್ನು ಜಮೀನಿನಿಂದ ಗುಣಿಸಿ, ಬಂದ ಮೊತ್ತಕ್ಕೆ ಮನೆಖರ್ಚು ಮತ್ತು ಕೊಯ್ಲಿನ ನಂತರದ ಖರ್ಚೆಂದು ಶೇಕಡಾ 10, ಪಂಪು, ಪೈಪು, ಔಜಾರುಗಳ ದುರಸ್ತಿಗೆಂದು ಶೇಕಡಾ 20 ಸೇರಿಸುತ್ತಾರೆ. ಬೆಳೆವಿಮೆಯ ಕಂತು ಬೇರೆ. ಅರ್ಜಿಯಲ್ಲಿ ರೈತ ಬರೆಯುವ ಅಂಕಿ ಅವನ ಆಸೆ. ಬ್ಯಾಂಕು ಮಂಜೂರು ಮಾಡುವುದು ಈ ಗುಣಾಕಾರವನ್ನು.

ಇದನ್ನೆಲ್ಲ ಹುಡುಗ ಇಷ್ಟು ಉದ್ದ ಹೇಳಲಿಲ್ಲ. "ಕಾಕಾ, ಅದು ಗಾಡಿಗೆ ಸ್ಪೀಡ್ ಲಿಮಿಟ್ ಇದ್ದಂಗ. ಎಂಬತ್ತಂತ ಬರದಾರಂದ್ರ ನಿಮ್ಮ ಸೈಕಲ್ ಎಂಬತ್ತ ಓಡತೈತೇನು?" ಎಂದ. ಮುದುಕರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಹಂಗಾರ ಸೈಕಲ್ ಎಷ್ಟ ಓಡತೈತಿ ನೋಡು ಮತ್ತ."

ನೋಡಬೇಕೆಂದರೆ ಸಾತಬಾರಾ ಬೇಕು. ಕರ್ನಾಟಕದ ಓದುಗರಿಗೆ ಪಹಣಿ ಇದ್ದ ಹಾಗೆ ಇಲ್ಲಿ ಸಾತಬಾರಾ ಉತಾರಾ. ಗ್ರಾಮದ ನಮೂನೆ ಏಳು ಯಾರ ಹೊಲ ಎಂದು ಹೇಳುತ್ತದೆ, ನಮೂನೆ ಹನ್ನೆರಡು ಏನು ಬೆಳೆ ಎಂದು ಹೇಳುತ್ತದೆ, ಎರಡೂ ಸೇರಿ ಏಳು-ಹನ್ನೆರಡು. ಮೊದಲೆಲ್ಲ ತಲಾಟಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ಈಗ ಡಿಜಿಟಲ್ ಸಹಿಯ ಉತಾರಾ 15 ರೂಪಾಯಿಗೆ ಪರದೆಯ ಮೇಲೆ ಬರುತ್ತದೆ. ಜಿಲ್ಲೆ, ತಾಲ್ಲೂಕು, ಹಳ್ಳಿ, ಗಟ್ ನಂಬರು ಒತ್ತಿ ಹುಡುಗ ಹಾಳೆ ತೆಗೆದ. ಝೆರಾಕ್ಸಿನ ಶಾಖದ ಪಕ್ಕದಲ್ಲೇ ಕೂತು ಇಬ್ಬರೂ ಅದರ ಮೇಲೆ ಬಾಗಿದರು. ನಾನೂ ಸ್ವಲ್ಪ ಬಾಗಿದೆ. ಇನ್ನೊಬ್ಬರ ಉತಾರಾದಲ್ಲಿ ಇಣುಕುವುದು ಸರಿಯಲ್ಲ, ಗೊತ್ತು. ಆದರೆ ಅಷ್ಟು ಇಕ್ಕಟ್ಟಿನಲ್ಲಿ ಕಣ್ಣು ಎಲ್ಲಿಡುವುದು?

ಹಾಳೆಯಲ್ಲಿ ಮೂರು ಹೆಸರು ಒಂದರ ಕೆಳಗೊಂದು, ಒಂದೇ ಖಾತೆಯಲ್ಲಿ. ಒಟ್ಟು ಕ್ಷೇತ್ರ 1.62.00. ಅದರಲ್ಲಿ ಪೋಟಖರಾಬಾ, ಅಂದರೆ ಹಳ್ಳ, ಕಲ್ಲು, ದಾರಿ ಎಂದು ಉಳುಮೆಗೆ ಬಾರದ್ದು, 0.06.00. ಉಳಿದದ್ದು 1.56.00.

"ಇದರಾಗ ಮೂರ ಮಂದಿ ಹೆಸರ ಐತ್ರಿ ಕಾಕಾ. ನಿಮ್ಮದಷ್ಟ ಎಷ್ಟು?"

"ನಂದ ಎಕರೆ ಹನ್ನೊಂದ ಗುಂಟೆ. ಅಪ್ಪ ಹೋದಮ್ಯಾಲ ಮೂರೂ ಮಂದಿ ಅಳದ ಬಾಂಧ ಹಾಕೇವಿ. ನಡುವಿನ ಪಟ್ಟಿ ನಂದು."

"ಬಾಂಧ ಹೊಲದಾಗ ಐತ್ರಿ. ಕಾಗದದಾಗ ಇಲ್ಲ."

ಸರಳವಾಗಿ ಕಾಣುವ ಪುಟ ಕಗ್ಗಂಟಾಗುವುದು ಇಲ್ಲಿ. ಅಳತೆಯ ಕಾಲಂ ಎದುರು ಕೂತ ಇಬ್ಬರ ಮುಂದೆ ಮೂರು ಅಳತೆ ಇದ್ದವು. ಸಾತಬಾರಾ ಮಾತಾಡುವುದು ಹೆಕ್ಟೇರು, ಆರ್, ಚದರ ಮೀಟರಿನಲ್ಲಿ. ನೂರು ಆರ್ ಕೂಡಿದರೆ ಒಂದು ಹೆಕ್ಟೇರು. ಕಾಕಾ ಮಾತಾಡುವುದು ಎಕರೆ ಗುಂಟೆಯಲ್ಲಿ. ನಲವತ್ತು ಗುಂಟೆ ಕೂಡಿದರೆ ಒಂದು ಎಕರೆ. ಅವರ ಸೋದರಮಾವನ ಸಂಕೇಶ್ವರದ ಪಹಣಿಯಲ್ಲೂ ಅದೇ ಲೆಕ್ಕ. ಅವರ ಕೈಲಿದ್ದ ಅರ್ಜಿ ಕೇಳುತ್ತಿದ್ದದ್ದು ಎಕರೆ, ಆದರೆ ಗುಂಟೆಗೆ ಬೇರೆ ಖಾನೆ ಇಲ್ಲ. ಅಂದರೆ ಎಕರೆಯ ದಶಮಾಂಶ. ಮೂರು ಕಡೆಯೂ ನಡುವೆ ಒಂದು ಚುಕ್ಕೆ. ಆ ಚುಕ್ಕೆ ಒಂದು ಕಡೆ ಆರ್ ಅನ್ನು ಬೇರ್ಪಡಿಸುತ್ತದೆ, ಇನ್ನೊಂದು ಕಡೆ ಗುಂಟೆಯನ್ನು, ಮತ್ತೊಂದು ಕಡೆ ನೂರರಲ್ಲೊಂದು ಪಾಲನ್ನು. ನೋಡುವುದಕ್ಕೆ ಮಾತ್ರ ಒಂದೇ ಚುಕ್ಕೆ.

ಹುಡುಗ ಮೊಬೈಲಿನಲ್ಲಿ ಲೆಕ್ಕ ಹಾಕಿದ. 1.56 ಹೆಕ್ಟೇರನ್ನು ಮೂರು ಪಾಲು ಮಾಡಿದರೆ ತಲಾ 0.52. ಹೆಕ್ಟೇರಿಗೆ 2.471 ಎಕರೆ. ಗುಣಿಸಿದರೆ 1.28 ಎಕರೆ ಮತ್ತು ಚೂರು. ಚುಕ್ಕೆಯ ಈಚೆಗಿನ 28ನ್ನು ನಲವತ್ತರಿಂದ ಗುಣಿಸಿ ನೂರರಿಂದ ಭಾಗಿಸಿದರೆ ಹನ್ನೊಂದು ಗುಂಟೆ ಚಿಲ್ಲರೆ. ಕಾಕಾ ಹೇಳಿದ್ದು ಸರಿಯಾಗೇ ಇತ್ತು. ಹಗ್ಗ ಹಿಡಿದು ಅಳೆದವರ ನೆನಪು ತಪ್ಪುವುದಿಲ್ಲ.

"ಮತ್ತ ಒಂದ ಚುಕ್ಕಿ ಹನ್ನೊಂದ ಅಂತ ಬರದ ಬಿಡು."

"ಅಲ್ಲೇ ನೋಡ್ರಿ ಮಂದಿ ಮುಳಗೂದು."

ಅವನು ಅರ್ಜಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದ್ದನ್ನು ನಾನು ಆಮೇಲೆ ನನ್ನ ಡೈರಿಗೆ ಇಳಿಸಿಕೊಂಡೆ. ಎಕರೆಗೆ 60,000 ರೂಪಾಯಿ ದರ ಎಂದು ಹಿಡಿದ. ನಿಜವಾದ ದರ ಪ್ರತಿವರ್ಷ ಬದಲಾಗುತ್ತದೆ, ಇದು ಗುಣಾಕಾರ ಸುಲಭವಾಗಲೆಂದು ಹಿಡಿದದ್ದು. ಪೂರ್ತಿ ಕಬ್ಬೇ ಎಂದೂ ಇಟ್ಟುಕೊಂಡ. ಸರಿಯಾದ 1.28 ಬರೆದರೆ 76,800. ಅದಕ್ಕೆ ಶೇಕಡಾ 10 ಎಂದು 7,680, ಶೇಕಡಾ 20 ಎಂದು 15,360. ಒಟ್ಟು 99,840, ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಬಾಯಲ್ಲಿ ಹೇಳಿದಂತೆ 1.11 ಎಂದು ಬರೆದರೆ 86,580. ಏಳು ಗುಂಟೆ ಹೊಲ ಮತ್ತು ಹದಿಮೂರು ಸಾವಿರ ರೂಪಾಯಿ ಚುಕ್ಕೆಯಲ್ಲಿ ಹೋದವು. ಉತಾರಾದ ಹೆಕ್ಟೇರಿನಿಂದ ಬಂದ 0.52 ಅನ್ನೇ ಎಕರೆಯ ಖಾನೆಯಲ್ಲಿ ಬರೆದರೆ 40,560. ಅರ್ಧಕ್ಕಿಂತ ಹೆಚ್ಚು ಹೋಯಿತು. ಇನ್ನು ಮೂವರ ಹೊಲವನ್ನೂ ಒಬ್ಬನೇ ಬರೆದುಕೊಂಡರೆ 3.85 ಎಕರೆ, ಮೂರು ಲಕ್ಷದ ಮೇಲೆ. ಕೇಳಲು ಚೆಂದ. ಆದರೆ ಬ್ಯಾಂಕಿನವರು ಉತಾರಾ ತೆರೆದ ಮರುಕ್ಷಣ ಅರ್ಜಿ ವಾಪಸ್.

ಕಡಿಮೆ ಬರೆದ ತಪ್ಪನ್ನು ಯಾರೂ ಹಿಡಿಯುವುದಿಲ್ಲ ಎನ್ನುವುದು ಇದರಲ್ಲಿ ನನಗೆ ಚುಚ್ಚಿದ ಮಾತು. ಹೆಚ್ಚು ಬರೆದರೆ ಮೇಜಿನ ಆಚೆಗಿನವರು ಕೆಂಪು ಗೆರೆ ಎಳೆಯುತ್ತಾರೆ. ಕಡಿಮೆ ಬರೆದರೆ ಅರ್ಜಿದಾರ ಕೇಳಿದ್ದೇ ಅಷ್ಟು ಎಂದು ಕಡತ ಮುಂದೆ ಹೋಗುತ್ತದೆ. ಮಂಜೂರಾದ ಮೇಲೆ ರೈತ "ನಮಗ ಬ್ಯಾಂಕಿನವರು ಕೊಡೂದ ಇಷ್ಟ" ಎಂದುಕೊಂಡು, ಉಳಿದದ್ದಕ್ಕೆ ಖಾಸಗಿ ಬಡ್ಡಿಗೆ ಹೋಗುತ್ತಾನೆ. ಮಂಜೂರಾತಿ ಪತ್ರ ಬಂದಾಗ ಅದರಲ್ಲಿರುವ ಕ್ಷೇತ್ರದ ಅಂಕಿಯನ್ನು 2.471ರಿಂದ ಭಾಗಿಸಿ, ಉತಾರಾದ ಹೆಕ್ಟೇರಿನಲ್ಲಿ ತನ್ನ ಪಾಲಿಗೆ ಸರಿಹೊಂದುತ್ತದೆಯೇ ಎಂದು ನೋಡಿದರೆ ತಪ್ಪು ಗೊತ್ತಾಗುತ್ತದೆ. ನೋಡುವವರು ಯಾರು?

ಅಷ್ಟರಲ್ಲಿ ಕರೆಂಟು ಹೋಯಿತು. ಇನ್ವರ್ಟರ್ ಮೇಲೆ ಒಂದೇ ಕಂಪ್ಯೂಟರು ಓಡುತ್ತದಂತೆ. ಹುಡುಗರ ಗುಂಪಿನಿಂದ ನಿಟ್ಟುಸಿರು ಬಂತು. ಕಾಕಾನ ಪರದೆ ಉಳಿಯಿತು.

ಮುಂದಿನದು ಫಾರ್ಮರ್ ಐಡಿ. ಕರ್ನಾಟಕದಲ್ಲಿ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಇದ್ದಂತೆ ಮಹಾರಾಷ್ಟ್ರದಲ್ಲಿ 2025ರಿಂದ ಇದು ಕಡ್ಡಾಯವಾಗಿದೆ. ಕಾಕಾ ಮಾಡಿಸಿದ್ದರು, ಆದರೆ ನಂಬರು ನೆನಪಿಲ್ಲ. ತೆಗೆಯಬೇಕೆಂದರೆ ಆಧಾರಿಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರಬೇಕು. ಆ ಮೊಬೈಲು ಮಗನದು. ಮಗ ಇಚಲಕರಂಜಿಯಲ್ಲಿ ಪವರ್‌ಲೂಮಿನ ಪಾಳಿಯಲ್ಲಿದ್ದಾನೆ. ಮಗ್ಗಗಳ ಗದ್ದಲದಲ್ಲಿ ಫೋನು ಬಡಿದುಕೊಂಡರೂ ಕೇಳುವುದಿಲ್ಲ. ಕಾಕಾ ಮೂರು ಸಲ ಮಾಡಿದರು. ನಾಲ್ಕನೆಯ ಸಲ ಹುಡುಗನೇ ತನ್ನ ಫೋನಿನಿಂದ ಮಾಡಿದ. ಓಟಿಪಿಯ ಹತ್ತು ನಿಮಿಷ ಮುಗಿಯಿತು.

"ಇರ್ಲಿ ಬಿಡ್ರಿ, ಚಾ ಹೊತ್ತಿಗೆ ಹೊರಗ ಬರ್ತಾನ. ಅಲ್ಲೀತನಕ ಹೆಸರ ನೋಡೂಣು."

ಹೆಸರು ಎಂದರೆ ಇನ್ನೊಂದು ಕಥೆ. ಅವರ ಹೆಸರನ್ನು ಇಲ್ಲಿ ಬರೆಯಲಾರೆ. ಮಾತಿಗೆ ಮಲ್ಲಪ್ಪ ಎಂದಿಟ್ಟುಕೊಳ್ಳಿ. ಕನ್ನಡದ ಮಲ್ಲಪ್ಪನನ್ನು ಮರಾಠಿ ದಫ್ತರ ಮಲ್ಲಾಪ್ಪಾ ಎಂದು ಎರಡು ಕಡೆ ಎಳೆದು ಬರೆಯುತ್ತದೆ. ಬಸಪ್ಪ ಬಸಾಪ್ಪಾ ಆಗುತ್ತಾನೆ, ಸಿದ್ದಪ್ಪ ಸಿದ್ಧಾಪ್ಪಾ. ತಲೆಮಾರಿನಿಂದ ನಡೆದು ಬಂದದ್ದು, ಯಾರಿಗೂ ಬೇಜಾರಿಲ್ಲ. ಆದರೆ ಆಧಾರಿನಲ್ಲಿ ಇಂಗ್ಲಿಷಿನಲ್ಲಿ Mallappa. ಪಾಸ್‌ಬುಕ್ಕಿನಲ್ಲಿ ಒಂದು p ಬಿದ್ದುಹೋಗಿ Mallapa, ಅದೂ ಅಡ್ಡಹೆಸರು ಮೊದಲು, ಹೆಸರು ಆಮೇಲೆ. ಮನುಷ್ಯನ ಕಣ್ಣು ಇದನ್ನು ಒಬ್ಬನೇ ಎಂದು ಓದುತ್ತದೆ. ಯಂತ್ರ ಓದುವುದಿಲ್ಲ. ಫಾರ್ಮರ್ ಐಡಿ ಕೊಡುವಾಗ ಆಧಾರಿನ ಹೆಸರಿಗೂ ಜಮೀನಿನ ದಾಖಲೆಯ ಹೆಸರಿಗೂ ಎಷ್ಟು ಹೋಲಿಕೆ ಎಂದು ಅದು ಅಂಕ ಹಾಕುತ್ತದೆ. ಅಪ್ಪ ಇಟ್ಟ ಹೆಸರಿಗೆ ಮಗನ ಅರವತ್ತನೆಯ ವಯಸ್ಸಿನಲ್ಲಿ ಪರೀಕ್ಷೆ.

ಹುಡುಗನ ರೀತಿ ನನಗೆ ಹಿಡಿಸಿತು. ಮೂರನ್ನೂ ಒಂದೇ ಮಾಡಿಬಿಡುತ್ತೇನೆ ಎಂದು ಅವನು ಅರ್ಜಿಯಲ್ಲಿ ಜಾಣತನ ತೋರಿಸಲಿಲ್ಲ. ಅರ್ಜಿಯಲ್ಲಿ ಆಧಾರಿನಲ್ಲಿದ್ದ ಹಾಗೇ ಅಕ್ಷರಕ್ಕೆ ಅಕ್ಷರ ಬರೆದ. ಪಾಸ್‌ಬುಕ್ಕನ್ನು ಬ್ಯಾಂಕಿನಲ್ಲೇ ಆಧಾರ್ ತೋರಿಸಿ ತಿದ್ದಿಸಿಕೊಳ್ಳಿ ಎಂದ. ಉತಾರಾದ ಮಲ್ಲಾಪ್ಪಾನಿಗೆ, ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಕೇಳಿದರೆ ಕೊಡಬೇಕು. ಉತಾರಾದಲ್ಲಿ ಅಕ್ಷರವೇ ಪೂರ್ತಿ ತಪ್ಪಿದ್ದರೆ, ಮಹಾರಾಷ್ಟ್ರದ 1966ರ ಜಮೀನು ಮಹಸೂಲು ಕಾಯ್ದೆಯ 155ನೆಯ ಕಲಮಿನಡಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಲೇಖನದೋಷ ತಿದ್ದಿಸಬಹುದು. "ನಿಮ್ಮದಕ್ಕ ಅಷ್ಟ ದೂರ ಹೋಗೂ ಗರಜ ಇಲ್ರಿ" ಎಂದ.

"ಸಹಿ?"

"ಕನ್ನಡದಾಗ ಮಾಡ್ತೀನಿ. ಸಂಕೇಶ್ವರದಾಗ ಮಾವನ ಮನ್ಯಾಗಿದ್ದ ಐದನೇತ್ತಾ ತನಕಾ ಕಲ್ತೀನಿ."

"ಪಾಸ್‌ಬುಕ್ ಮಾಡಿಸೂಮುಂದ ಹೆಂಗ ಮಾಡಿದ್ರಿ?"

"ಅಲ್ಲೂ ಹಂಗ."

"ಹಂಗಾರ ಇಲ್ಲೂ ಹಂಗ ಮಾಡ್ರಿ. ಅವರು ಭಾಷಾ ನೋಡೂದಿಲ್ಲ, ಮೊದಲಿನ ಸಹಿ ಹಂಗ ಐತೋ ಇಲ್ಲೋ ನೋಡ್ತಾರ."

ಇಷ್ಟು ಹೊತ್ತು ಹುಡುಗ ಉತಾರಾದ ಒಂದು ಮೂಲೆಯ ಬಗ್ಗೆ ಮಾತೇ ಎತ್ತಿರಲಿಲ್ಲ. ಈಗ ಅದರ ಮೇಲೆ ಬೆರಳಿಟ್ಟ. ಬಲಗಡೆ "ಇತರ ಅಧಿಕಾರ" ಎಂಬ ಕಾಲಂ. ಸಾಲ ಕೊಟ್ಟವರ ಹೆಸರು, ಮೊತ್ತ ಅಲ್ಲಿ ಏರುತ್ತದೆ. ಬೋಜಾ ಎನ್ನುತ್ತಾರೆ. ಕಾಕಾನ ಅಪ್ಪ ಊರ ಸೊಸೈಟಿಯಿಂದ ತೆಗೆದ 35,000 ರೂಪಾಯಿ ಅಲ್ಲಿ ಕೂತಿತ್ತು.

"ಅದನ್ನ ಅಪ್ಪ ಇದ್ದಾಗ ತುಂಬೇತಿ! ಪಾವತಿ ಮನ್ಯಾಗೈತಿ."

"ತುಂಬಿದ್ದ ಸೊಸೈಟಿಗೆ ಗೊತ್ರಿ. ಉತಾರಾಕ್ಕ ಯಾರ ಹೇಳಬೇಕು?"

ಹೀಗಾಗುವುದು ಅಪರೂಪವಲ್ಲ. ಸಾಲ ತೆಗೆಯುವಾಗ ಬೋಜಾ ಏರಿಸಲು ಎಲ್ಲರಿಗೂ ಆತುರ. ತೀರಿದ ಮೇಲೆ ಇಳಿಸಲು ಯಾರಿಗೂ ನೆನಪಾಗುವುದಿಲ್ಲ. ಅಪ್ಪ ಸತ್ತ ಮೇಲೆ ವಾರಸಾ ನೋಂದಣಿಯಾಗಿ ಮೂವರು ಮಕ್ಕಳ ಹೆಸರು ಬಂತು, ಅಪ್ಪನ ಹೆಸರಿನ ಮೇಲೆ ಅಡ್ಡಗೆರೆ ಬಿತ್ತು, ಬೋಜಾ ಮಾತ್ರ ವಾರಸುದಾರನ ಹಾಗೆ ಉಳಿದುಕೊಂಡಿತು. ಹೊಸ ಬ್ಯಾಂಕಿಗೆ ಅದು ಕಾಣುವುದು ತೀರದ ಸಾಲವಾಗಿ. ಇಳಿಸುವ ದಾರಿ ಇದೆ. ಸೊಸೈಟಿಯಿಂದ ಬಾಕಿ ಇಲ್ಲವೆಂಬ ಪತ್ರ ತಂದು, ಇ-ಹಕ್ಕ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ pdeigr.maharashtra.gov.in ತಾಣದಿಂದ ಬೋಜಾ ಕಡಿಮೆ ಮಾಡಲು ಅರ್ಜಿ ಹಾಕಬೇಕು. ಅದು ತಲಾಟಿಗೆ ಹೋಗುತ್ತದೆ. ತಲಾಟಿ ಫೇರಫಾರ ಬರೆಯುತ್ತಾನೆ, ಮಂಡಲ ಅಧಿಕಾರಿ ಅದನ್ನು ಪ್ರಮಾಣೀಕರಿಸುತ್ತಾನೆ, ಆಮೇಲೆ ಉತಾರಾ ಬದಲಾಗುತ್ತದೆ. ಬದಲಾದ ಮೇಲೆ ಮತ್ತೊಮ್ಮೆ 15 ರೂಪಾಯಿ ಕೊಟ್ಟು ಹೊಸ ಹಾಳೆ ತೆಗೆಯಬೇಕು. ಇಂದು ತೆಗೆದದ್ದು ಇಂದಿನ ಚಿತ್ರ ಮಾತ್ರ.

ಕಾಕಾ ಮಾತು ನಿಲ್ಲಿಸಿದರು. ಜುಲೈಯಲ್ಲಿ ಆಡಸಾಲಿ ಕಬ್ಬು ಹಚ್ಚಬೇಕು. ಬೀಜದ ಕಬ್ಬಿಗೆ ಹೇಳಿಟ್ಟಿದ್ದಾರೆ. ಅರ್ಜಿ ಪೂರ್ತಿಯಾಗಿ ಕೈಸೇರಿದ ಮೇಲೆ ಹದಿನಾಲ್ಕು ದಿನದೊಳಗೆ ಬ್ಯಾಂಕು ಕಾರ್ಡು ಕೊಡಬೇಕೆಂದು ಸರ್ಕಾರದ ಸೂಚನೆ ಇದೆ. ಅದರಲ್ಲಿ "ಪೂರ್ತಿಯಾಗಿ" ಎನ್ನುವ ಶಬ್ದವೇ ಎಲ್ಲ. ಬೋಜಾ ಇಳಿಯದ ಉತಾರಾ, ಅಣ್ಣತಮ್ಮಂದಿರ ಸಹಿ ಇಲ್ಲದ ಅರ್ಜಿ ಪೂರ್ತಿಯಲ್ಲ. ಹದಿನಾಲ್ಕು ದಿನದ ಗಡಿಯಾರ ಶುರುವೇ ಆಗುವುದಿಲ್ಲ.

ಅಣ್ಣತಮ್ಮಂದಿರ ಸಹಿ ಎಂದೆ. ಖಾತೆ ಜಂಟಿಯಾದ್ದರಿಂದ ಉಳಿದಿಬ್ಬರ ಸಮ್ಮತಿಪತ್ರವನ್ನು ಬ್ಯಾಂಕುಗಳು ಸಾಮಾನ್ಯವಾಗಿ ಕೇಳುತ್ತವೆ. ಮೂವರೂ ಒಪ್ಪಿದರೆ ತಹಶೀಲ್ದಾರರ ಮುಂದೆ ಹೋಗಿ, ಅದೇ ಕಾಯ್ದೆಯ 85ನೆಯ ಕಲಮಿನಡಿ ಪಾಲು ಮಾಡಿಸಿಕೊಂಡು, ಪ್ರತಿಯೊಬ್ಬನ ಹೊಲಕ್ಕೂ ಬೇರೆ ಉತಾರಾ ಮಾಡಿಸಬಹುದು. ಹೊಲದ ಬಾಂಧ ಆಗ ಕಾಗದಕ್ಕೂ ಬರುತ್ತದೆ. ಹುಡುಗ ಅದನ್ನೂ ಹೇಳಿದ.

"ದೊಡ್ಡಾಂವ ಸಹಿ ಹಾಕ್ತಾನೋ ಇಲ್ಲೋ" ಎಂದರು ಕಾಕಾ. ಮಾತು ಕಂಪ್ಯೂಟರಿಗೆ ಹೇಳಿದಂತಿತ್ತು. ಊರ ಸೊಸೈಟಿಯಲ್ಲಿ ಸಭಾಸದ ದೊಡ್ಡಣ್ಣ. ಇಷ್ಟು ವರ್ಷ ಸೊಸೈಟಿಯಿಂದ ಸಾಲ ತೆಗೆದದ್ದೂ ತುಂಬಿದ್ದೂ ಅವನೇ. ತಮ್ಮ ಬೇರೆ ಬ್ಯಾಂಕಿಗೆ ಹೋಗುತ್ತಾನೆಂದರೆ ಹೊಲ ಹೊಡೆಯಲು ನೋಡುತ್ತಾನೆ ಎಂದು ಅವನ ಅನುಮಾನ. "ಕಾಗದದಾಗ ಏನ ಐತಿ ಅಂತ ಅಂವಗೂ ಗೊತ್ತಿಲ್ಲ, ನನಗೂ ಗೊತ್ತಿದ್ದಿಲ್ಲ. ಮರಾಠಿ ಆಡ್ತೇವಿ, ಓದೂದ ಸರಿಯಾಗಿ ಬರೂದಿಲ್ಲ. ಅಂವನೂ ಸಂಕೇಶ್ವರದ ಸಾಲೀನ."

ಹುಡುಗ ಒಂದು ಕ್ಷಣ ಯೋಚಿಸಿ ಇನ್ನೊಂದು ಕಿಟಕಿ ತೆರೆದ. bhulekh.mahabhumi.gov.in. ಸಹಿ ಇಲ್ಲದ, ಕೇವಲ ನೋಡುವುದಕ್ಕೆಂದು ಇರುವ ಪುಕ್ಕಟೆ ಉತಾರಾ ಅಲ್ಲಿ ಸಿಗುತ್ತದೆ. ಕೆಲವು ವರ್ಷಗಳಿಂದ ಅದನ್ನು ದೇಶದ ಬೇರೆ ಭಾಷೆಗಳಲ್ಲೂ ನೋಡುವ ಸೌಲಭ್ಯವಿದೆ, ಕನ್ನಡವೂ ಆ ಪಟ್ಟಿಯಲ್ಲಿದೆ. ಭಾಷೆಯ ಕಾಲಮಿನಲ್ಲಿ ಕನ್ನಡ ಒತ್ತಿ, ಗಟ್ ನಂಬರು ಹಾಕಿದ. ಹಾಳೆ ಕನ್ನಡ ಅಕ್ಷರದಲ್ಲಿ ತೆರೆಯಿತು. ಯಂತ್ರದ ಕನ್ನಡ. ಮಾತು ಮರಾಠಿಯ ಜಾಡಿನಲ್ಲೇ ನಡೆದಿತ್ತು, ಲಿಪಿ ಮಾತ್ರ ನಮ್ಮದು. ಆದರೂ ಮುದುಕರು ಕನ್ನಡಕ ಏರಿಸಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಅಣ್ಣನ ಹೆಸರು. ತನ್ನ ಹೆಸರು. ತಮ್ಮನ ಹೆಸರು. ಆಮೇಲೆ ಅಪ್ಪನ ಸಾಲದ ಸಾಲಿನ ಮೇಲೆ ಬೆರಳು ನಿಂತಿತು.

ಚಹಾದ ಹೊತ್ತಾಗಿರಬೇಕು, ಫೋನು ಬಡಿಯಿತು. ಮಗ. ಹುಡುಗ ಮತ್ತೆ ಓಟಿಪಿ ಕಳಿಸಿದ. ಮಗ ಆ ಕಡೆಯಿಂದ ಒಂದೊಂದೇ ಅಂಕಿ ಕೂಗಿ ಹೇಳಿದ, ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಇಷ್ಟೆಲ್ಲ ಜೋಪಾನದ ಗುಟ್ಟಿನ ಅಂಕಿ ನಮ್ಮ ಊರುಗಳಲ್ಲಿ ಬಹಿರಂಗವಾಗುವುದು ಹೀಗೆ. ಫಾರ್ಮರ್ ಐಡಿ ಸಿಕ್ಕಿತು. ಹುಡುಗ ಅದನ್ನು ಅರ್ಜಿಯ ಮೂಲೆಯಲ್ಲಿ ಬರೆದ. ಆಮೇಲೆ ಕಂಪ್ಯೂಟರಿನ ಡೌನ್‌ಲೋಡ್ ಕಡತದಲ್ಲಿ ಉಳಿದಿದ್ದ ಕಾಕಾನ ಆಧಾರಿನ ಪ್ರತಿಯನ್ನು ಅವರ ಎದುರಿಗೇ ಅಳಿಸಿದ. ಎಲ್ಲ ಅಂಗಡಿಗಳಲ್ಲೂ ಇದನ್ನು ಮಾಡುತ್ತಾರೆಂದು ನನಗೆ ನಂಬಿಕೆ ಇಲ್ಲ.

ಅರ್ಜಿಯಲ್ಲಿ ಕ್ಷೇತ್ರದ ಮುಂದೆ 1.28 ಎಂದಾಯಿತು. ಬೇಕಾದ ಮೊತ್ತದ ಖಾನೆಯಲ್ಲಿ ಎರಡು ಲಕ್ಷದ ಬದಲು ಒಂದು ಲಕ್ಷ. ಕಾಕಾ ಅಷ್ಟಕ್ಕೂ ಬಡ್ಡಿ ಎಷ್ಟೆಂದು ಕೇಳಿದರು. ವರ್ಷಕ್ಕೆ ಶೇಕಡಾ 7, ಅಂದರೆ ಏಳು ಸಾವಿರ. ವಾಯಿದೆಯೊಳಗೆ ತುಂಬಿದರೆ ಕೇಂದ್ರದ ಶೇಕಡಾ 3 ಬಿಟ್ಟು ನಾಲ್ಕು ಸಾವಿರ. ಆ ನಾಲ್ಕರ ಭಾರವನ್ನೂ ಇಳಿಸಲು ಮಹಾರಾಷ್ಟ್ರದಲ್ಲಿ ಪಂಜಾಬರಾವ ದೇಶಮುಖರ ಹೆಸರಿನ ಯೋಜನೆ ಇದೆ. ಮೂರು ಲಕ್ಷದವರೆಗಿನ ಬೆಳೆಸಾಲಕ್ಕೆ ಅದು ಅನ್ವಯ. ತಾರೀಖು ಒಂದು ದಿನ ಮೀರಿದರೂ ಎರಡೂ ಹೋದವು. "ತಾರೀಖ ಗ್ವಾಡಿಮ್ಯಾಲ ಬರದ ಇಡ್ರಿ ಕಾಕಾ" ಎಂದ ಹುಡುಗ.

ಬಿಲ್ಲು ಎಂಬತ್ತು ರೂಪಾಯಿ. ಉತಾರಾ, ಪ್ರಿಂಟು, ಝೆರಾಕ್ಸು, ಅರ್ಜಿ ತುಂಬಿದ್ದು ಎಲ್ಲ ಸೇರಿ. ಒಂದೂವರೆ ತಾಸಿನ ಲೆಕ್ಕ ಹಾಕಿದರೆ ಅದೇ ಹೊತ್ತಿನಲ್ಲಿ ಹತ್ತು ಹುಡುಗರ ಫಾರ್ಮು ಮುಗಿಯುತ್ತಿದ್ದವು. ಆ ಅರ್ಜಿಯ ಕೆಳಗೆ ಅರ್ಜಿದಾರನ ಸಹಿಗೆ ಜಾಗವಿತ್ತು, ಬ್ಯಾಂಕಿನವರ ಮೊಹರಿಗೆ ಜಾಗವಿತ್ತು. ಚುಕ್ಕೆ ಎಲ್ಲಿಡಬೇಕೆಂದು ಕಂಡುಹಿಡಿದವನ ಹೆಸರಿಗೆ ಜಾಗವಿರಲಿಲ್ಲ.

ಕಾಕಾ ಸಹಿ ಮಾಡದೆ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಬೋಜಾ ಇಳಿದ ಮೇಲೆ ತಾರೀಖು ಹಾಕಿ ಮಾಡಿದರಾಯಿತು ಎಂದು ಹುಡುಗನೇ ಹೇಳಿದ್ದ. ಎದ್ದು ನಿಂತವರು ಮತ್ತೆ ಪರದೆಯ ಕಡೆ ತಿರುಗಿದರು.

"ಆ ಕನ್ನಡದ ಹಾಳೀ ಒಂದ ಪ್ರಿಂಟ ಕೊಡು."

"ಅದು ಬ್ಯಾಂಕಿನ್ಯಾಗ ನಡೆಯೂದಿಲ್ರಿ ಕಾಕಾ. ಸಹಿ ಇಲ್ಲ ಅದರಾಗ."

"ಬ್ಯಾಂಕಿಗಲ್ಲೋ. ದೊಡ್ಡಾಂವಗ ತೋರಸ್ತೀನಿ."

ಹುಡುಗ ಪ್ರಿಂಟ್ ಒತ್ತಿದ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಕರೆಂಟು ಬಂದಿತ್ತು, ಹುಡುಗರು ನುಗ್ಗಿದರು. ನನ್ನ ಎರಡು ಪುಟ ಇನ್ನೂ ಬಾಕಿಯಿತ್ತು.